ಕೊನೆಯ ವರ್ಷಕ್ಕೆ ಎಷ್ಟು ಅಂಕ ಬೇಕು?

ಇಂಗ್ಲೆಂಡಿನ ಮೂರು ವರ್ಷದ ಪದವಿಯಲ್ಲಿ ಎಲ್ಲ ವರ್ಷಗಳಿಗೂ ಒಂದೇ ತೂಕವಿಲ್ಲ. ಹಲವು ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷ ಪಾಸಾದರೆ ಸಾಕು, ಅದರ ಅಂಕ ದರ್ಜೆಗೆ ಸೇರುವುದಿಲ್ಲ. ಎರಡನೆಯ ವರ್ಷಕ್ಕೆ ಶೇ. 40, ಮೂರನೆಯದಕ್ಕೆ ಶೇ. 60 ಎಂಬ ಹಂಚಿಕೆ ಸಾಮಾನ್ಯ. ಆದರೆ ಇದು ಎಲ್ಲೆಡೆ ಒಂದೇ ಅಲ್ಲ, ನಿಮ್ಮ ಕೋರ್ಸಿನ ನಿಯಮ ನೋಡಿಕೊಂಡೇ ಲೆಕ್ಕಕ್ಕೆ ಕೂರಬೇಕು.

ಎರಡನೆಯ ವರ್ಷ ಸರಾಸರಿ 56 ಬಂದಿದೆ, ಗುರಿ 60, ಅಂದರೆ ಅಪ್ಪರ್ ಸೆಕೆಂಡ್ ಎನ್ನೋಣ. 56ರ ಶೇ. 40 ಎಂದರೆ 22.4. ಅರವತ್ತಕ್ಕೆ ಉಳಿದದ್ದು 37.6. ಅದನ್ನು 0.6ರಿಂದ ಭಾಗಿಸಿದರೆ 62.67. ಎರಡೂ ವರ್ಷಕ್ಕೆ ಸಮಪಾಲು ಎಂದುಕೊಂಡವರು 64 ಬೇಕೆಂದು ಸುಮ್ಮನೆ ಕಂಗಾಲಾಗುತ್ತಾರೆ. ಫಸ್ಟ್ ಕ್ಲಾಸಿನ ಗಡಿ 70. ಅದಕ್ಕೆ ಇದೇ ವಿದ್ಯಾರ್ಥಿಗೆ 79.3 ಬೇಕು. ಅಲ್ಲಿ ಅಷ್ಟು ಅಂಕ ಅಪರೂಪ.

ವರ್ಷದೊಳಗೂ ತೂಕವಿದೆ. ಕೊನೆಯ ವರ್ಷದ 120 ಕ್ರೆಡಿಟ್‌ಗಳಲ್ಲಿ ಪ್ರಬಂಧಕ್ಕೇ 40 ಇದ್ದರೆ, ಉಳಿದ 80ರಲ್ಲಿ ಸರಾಸರಿ 61 ಬಂದವರು ಹೀಗೆ ಮಾಡಬೇಕು: 62.67ನ್ನು ಮೂರರಿಂದ ಗುಣಿಸಿದರೆ 188, ಅದರಲ್ಲಿ 61ರ ಎರಡರಷ್ಟು, ಅಂದರೆ 122 ಕಳೆಯಿರಿ. ಪ್ರಬಂಧಕ್ಕೆ 66 ಬೇಕು.