ಮಾರಿದ ಪವರ್ ಬ್ಯಾಂಕ್ ವಾಪಸ್ ಕೇಳುವುದು ಹೇಗೆ?

2025ರ ಜೂನ್ 12ರಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಒಂದು ಪವರ್ ಬ್ಯಾಂಕ್ ವಾಪಸಾತಿಯ ಪ್ರಕಟಣೆ ಹೊರಡಿಸಿತು. ಆಂಕರ್ ಕಂಪನಿಯ ಪವರ್‌ಕೋರ್ 10000, ಮಾದರಿ ಸಂಖ್ಯೆ ಎ1263. 2016ರಿಂದ 2022ರವರೆಗೆ ಸುಮಾರು ಹನ್ನೊಂದೂವರೆ ಲಕ್ಷ ಮಾರಾಟವಾಗಿದ್ದವು. ಒಳಗಿನ ಲಿಥಿಯಂ ಬ್ಯಾಟರಿ ಮಿತಿಮೀರಿ ಬಿಸಿಯಾಗಿ ಪ್ಲಾಸ್ಟಿಕ್ ಕರಗಬಹುದು, ಹೊಗೆ ಬರಬಹುದು, ಬೆಂಕಿ ಹತ್ತಬಹುದು ಎಂದು ಅದರಲ್ಲಿ ನೇರವಾಗಿ ಬರೆದಿತ್ತು. ಬೆಂಕಿ ಅಥವಾ ಸ್ಫೋಟದ 19 ವರದಿಗಳು ಬಂದಿವೆ, ಇಬ್ಬರಿಗೆ ಸಣ್ಣ ಸುಟ್ಟಗಾಯಗಳಾಗಿವೆ ಎಂಬುದನ್ನೂ ಮುಚ್ಚಿಟ್ಟಿರಲಿಲ್ಲ.

ಅಷ್ಟು ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಗ್ರಾಹಕರ ಇಮೇಲ್ ಪಟ್ಟಿ ಇದೆ. ಆದರೆ ಇದೇ ತೊಂದರೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಇರುವ ಸಣ್ಣ ಅಂಗಡಿಗೂ ಬರಬಹುದು. ಪವರ್ ಬ್ಯಾಂಕ್ ಮಾರುವವರು ಬಹುಪಾಲು ಒಳಗಿನ ಸೆಲ್‌ಗಳನ್ನು ತಾವೇ ತಯಾರಿಸುವುದಿಲ್ಲ. ಸೆಲ್ ಒಂದು ಕಾರ್ಖಾನೆಯದು, ಡಬ್ಬಿ ಇನ್ನೊಂದರದು, ಮೇಲಿನ ಹೆಸರು ಮತ್ತೊಬ್ಬರದು. ಒಂದು ಸೆಲ್ ಕಾರ್ಖಾನೆ ತಪ್ಪಿದರೆ ಹತ್ತು ಬ್ರ್ಯಾಂಡ್‌ಗಳು ಸಿಕ್ಕಿಬೀಳುತ್ತವೆ.

ಸೆಲ್‌ನೊಳಗೆ ಧನ ಮತ್ತು ಋಣ ಪದರಗಳ ನಡುವೆ ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದಿರುತ್ತದೆ. ಅದರ ಕೆಲಸ ಎರಡೂ ಪದರಗಳು ಒಂದನ್ನೊಂದು ಮುಟ್ಟದಂತೆ ತಡೆಯುವುದು. ಹಾಳೆ ಕಳಪೆಯಾಗಿದ್ದರೆ ಅಥವಾ ತಯಾರಿಕೆಯಲ್ಲಿ ಲೋಹದ ಕಣವೊಂದು ಸೇರಿಕೊಂಡಿದ್ದರೆ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ನೂರಾರು ಸಲ ಚಾರ್ಜ್ ಮಾಡಿದ ಮೇಲೆ ಒಂದು ರಾತ್ರಿ ಒಳಗೇ ಶಾರ್ಟ್ ಆಗುತ್ತದೆ. ಆ ಬಿಸಿಗೆ ಸೆಲ್‌ನಲ್ಲಿರುವ ರಾಸಾಯನಿಕಗಳು ಒಡೆದು ಇನ್ನಷ್ಟು ಬಿಸಿ ಹುಟ್ಟಿಸುತ್ತವೆ. ಒಮ್ಮೆ ಅಲ್ಲಿಗೆ ಮುಟ್ಟಿದರೆ ಚಾರ್ಜರ್ ಕಿತ್ತರೂ ನಿಲ್ಲದು. ಆದ್ದರಿಂದಲೇ “ನನ್ನದು ಎರಡು ವರ್ಷದಿಂದ ಚೆನ್ನಾಗಿಯೇ ಇದೆಯಲ್ಲ” ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಈಗ ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ಮಾಲೀಕರು ಆಮದುದಾರರಿಂದ ಪವರ್ ಬ್ಯಾಂಕ್ ತರಿಸಿ, ಅಂಗಡಿಯ ಹೆಸರಿನ ಸ್ಟಿಕ್ಕರ್ ಅಂಟಿಸಿ ಆರುನೂರು ಮಾರಿದ್ದಾರೆ. ಎರಡು ಸುಟ್ಟಿವೆ. ಮೊದಲು ಮನಸ್ಸಿಗೆ ಬರುವ ಬರಹ ಹೀಗಿರುತ್ತದೆ: “ಗ್ರಾಹಕರ ಹಿತದೃಷ್ಟಿಯಿಂದ ಕೆಲವು ಉತ್ಪನ್ನಗಳ ಗುಣಮಟ್ಟ ಪರಿಶೀಲನೆ ನಡೆಸುತ್ತಿದ್ದೇವೆ, ದಯವಿಟ್ಟು ಸಹಕರಿಸಿ.” ಇದನ್ನು ಓದಿದವರು ಮೊಬೈಲ್ ಕೆಳಗಿಟ್ಟು, ಅದೇ ಪವರ್ ಬ್ಯಾಂಕನ್ನು ದಿಂಬಿನ ಪಕ್ಕ ಚಾರ್ಜ್‌ಗೆ ಹಾಕಿ ಮಲಗುತ್ತಾರೆ. ಬೆಂಕಿ ಎಂಬ ಮಾತೇ ಇಲ್ಲದ ನೋಟೀಸು ನೋಟೀಸೇ ಅಲ್ಲ. ಸರಿಯಾದದ್ದು ಹೀಗಿರಬೇಕು:

“ಪಿಬಿ-10 ಪವರ್ ಬ್ಯಾಂಕ್: ಬೆಂಕಿಯ ಅಪಾಯ. ಬಳಸುವುದನ್ನು ಈಗಲೇ ನಿಲ್ಲಿಸಿ.

ಜನವರಿಯಿಂದ ಮಾರ್ಚ್‌ವರೆಗೆ ನಮ್ಮಲ್ಲಿ ಮಾರಿದ, ಕಪ್ಪು ಬಣ್ಣದ ಪಿಬಿ-10 ಪವರ್ ಬ್ಯಾಂಕ್‌ಗಳನ್ನು ವಾಪಸ್ ಪಡೆಯುತ್ತಿದ್ದೇವೆ. ಹಿಂಬದಿಯ ಬಿಳಿ ಚೀಟಿಯ ಕೊನೆಯ ಸಾಲಿನಲ್ಲಿ ಬ್ಯಾಚ್ 2411 ಎಂದಿದ್ದರೆ ನಿಮ್ಮದೂ ಇದರಲ್ಲಿ ಸೇರಿದೆ. ಒಳಗಿನ ಬ್ಯಾಟರಿ ವಿಪರೀತ ಬಿಸಿಯಾಗಿ ಬೆಂಕಿ ಹತ್ತಬಹುದು. ಎರಡು ದೂರು ಬಂದಿವೆ. ಒಂದು ಮನೆಯಲ್ಲಿ ಹಾಸಿಗೆ ಸುಟ್ಟಿದೆ, ಯಾರಿಗೂ ಗಾಯವಾಗಿಲ್ಲ.

ಚಾರ್ಜ್ ಮಾಡಬೇಡಿ, ಅದರಿಂದ ಫೋನ್ ಚಾರ್ಜ್ ಮಾಡಬೇಡಿ, ಬಿಚ್ಚಬೇಡಿ, ಇನ್ನೊಬ್ಬರಿಗೆ ಕೊಡಬೇಡಿ. ಕಸದ ಬುಟ್ಟಿಗೆ ಹಾಕಬೇಡಿ, ಕೊರಿಯರ್ ಮಾಡಬೇಡಿ. ಬಟ್ಟೆ, ಕಾಗದ, ಗ್ಯಾಸ್ ಸಿಲಿಂಡರ್‌ಗಳಿಂದ ದೂರ, ಸಿಮೆಂಟ್ ನೆಲದ ಮೇಲಿಡಿ. ಬ್ಯಾಚ್ ಸಂಖ್ಯೆ ಕಾಣುವಂತೆ ಫೋಟೊ ತೆಗೆದು ಅಂಗಡಿಯ ವಾಟ್ಸ್‌ಆ್ಯಪ್ ಸಂಖ್ಯೆಗೆ ಕಳಿಸಿ. ಬಿಲ್ ಇಲ್ಲದಿದ್ದರೂ ಪೂರ್ತಿ ಹಣ ಮರಳಿಸುತ್ತೇವೆ. ಉಬ್ಬಿದ್ದರೆ, ವಾಸನೆ ಬರುತ್ತಿದ್ದರೆ ತರಬೇಡಿ, ಕರೆ ಮಾಡಿ.”

ಬ್ಯಾಚ್ ಸಂಖ್ಯೆ ಎಲ್ಲಿದೆ ಎಂದು ತೋರಿಸುವ ಫೋಟೊ ಒಂದನ್ನು ಕೆಳಗೆ ಹಾಕಿದರೆ ಮುಗಿಯಿತು. ಕ್ಷಮೆ ಕೇಳುವುದಿದ್ದರೆ ಕೊನೆಯಲ್ಲಿ ಕೇಳಬಹುದು. ಅಂಗಡಿಯ ಇಪ್ಪತ್ತು ವರ್ಷದ ಸೇವೆಯ ವಿವರ ಇಲ್ಲಿ ಬೇಡ.

ಕೊರಿಯರ್ ಬೇಡ ಎಂಬ ಮಾತು ಕೆಲವರಿಗೆ ವಿಚಿತ್ರವೆನಿಸಬಹುದು. ವಾಪಸ್ ಕರೆಯುವುದೆಂದರೆ ವಸ್ತು ವಾಪಸ್ ಬರಬೇಕಲ್ಲವೇ? ಸುರಕ್ಷತೆಯ ದೋಷದಿಂದ ಹಿಂಪಡೆದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವಂತಿಲ್ಲ. ಪಾರ್ಸೆಲ್‌ನಲ್ಲಿ ಅದು ಯಾವ ಮೂಟೆಯಡಿ ಅದುಮಿಕೊಳ್ಳುತ್ತದೋ ಕಳಿಸಿದವರಿಗೂ ಗೊತ್ತಿರುವುದಿಲ್ಲ. ಆಂಕರ್ ವಾಪಸಾತಿಯಲ್ಲಿ ಇದಕ್ಕೊಂದು ಉಪಾಯ ಮಾಡಿದ್ದರು. ಗ್ರಾಹಕರು ಪವರ್ ಬ್ಯಾಂಕ್ ಮೇಲೆ ಅಳಿಸದ ಮಾರ್ಕರ್‌ನಲ್ಲಿ ‘ರಿಕಾಲ್ಡ್’ ಎಂದು ಬರೆದು, ಮಾದರಿ ಮತ್ತು ಸೀರಿಯಲ್ ಸಂಖ್ಯೆ ಕಾಣುವ ಫೋಟೊ ಕಳಿಸಬೇಕಿತ್ತು. ಹಾಗೆ ಬರೆದದ್ದನ್ನು ಮತ್ತೆ ಮಾರುವುದು ಕಷ್ಟ. ಅಂಗಡಿಗಳಲ್ಲಿ ಹಳೆಯ ಬ್ಯಾಟರಿ ಹಾಕುವ ಡಬ್ಬಿಗೂ ಅದನ್ನು ಹಾಕಬಾರದು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೇ ಕೊಡಬೇಕು ಎಂದೂ ಹೇಳಿತ್ತು. ನಮ್ಮ ಸಣ್ಣ ಅಂಗಡಿಯೂ ಫೋಟೊ ನೋಡಿ ಹಣ ಕೊಡಬಹುದು. ವಸ್ತುವನ್ನು ಕೈಯಾರೆ ತಂದುಕೊಡಲು ಹೇಳಿ, ಲೋಹದ ಡಬ್ಬಿಯಲ್ಲಿ ಒಣಮರಳಿನ ನಡುವೆ ಇಟ್ಟು, ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಬಹುದು.

ಸಣ್ಣ ಅಂಗಡಿಯ ನಿಜವಾದ ಕಷ್ಟ ಕೊಂಡವರನ್ನು ಹುಡುಕುವುದು. ಅರ್ಧದಷ್ಟು ಮಾರಾಟಕ್ಕೆ ಬಿಲ್ ಇರುವುದಿಲ್ಲ. ಆದರೆ ಆ ಮೂರು ತಿಂಗಳ ಯುಪಿಐ ಪಾವತಿಗಳ ಪಟ್ಟಿ ಇರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ದರ ವಿಚಾರಿಸಿದವರ ಸಂದೇಶಗಳಿರುತ್ತವೆ. ಉಳಿದವರಿಗಾಗಿ ಗಲ್ಲಾದ ಎದುರೇ ದೊಡ್ಡ ಅಕ್ಷರದ ಹಾಳೆ ಅಂಟಿಸಬೇಕು, ಸ್ಥಳೀಯ ಪತ್ರಿಕೆಯಲ್ಲಿ ಹಾಕಿಸಬೇಕು. ಒಮ್ಮೆ ಹೇಳಿ ಸುಮ್ಮನಾದರೆ ಸಾಲದು. ಎಷ್ಟು ಮಾರಿದೆವು, ಎಷ್ಟು ಬಂತು ಎಂದು ಲೆಕ್ಕ ಬರೆದಿಟ್ಟುಕೊಂಡು, ಬಾರದವರಿಗೆ ಮತ್ತೆ ಕರೆ ಮಾಡಬೇಕು.

“ನಾನು ತಯಾರಿಸಿದ್ದಲ್ಲ, ನನಗೇಕೆ ಉಸಾಬರಿ?” ಎನ್ನುವ ವ್ಯಾಪಾರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ತರವಿದೆ. ಬೇರೆಯವರು ಮಾಡಿದ ವಸ್ತುವಿಗೆ ತನ್ನ ಗುರುತು ಹಾಕಿ ಮಾರುವವರನ್ನು ಅದು ತಯಾರಕರೆಂದೇ ಎಣಿಸುತ್ತದೆ. ಬರೀ ಮಾರಾಟಗಾರರಾಗಿದ್ದರೂ, ಅಪಾಯದ ಬಗ್ಗೆ ತಯಾರಕರು ಕೊಟ್ಟ ಎಚ್ಚರಿಕೆಯನ್ನು ಗ್ರಾಹಕರಿಗೆ ದಾಟಿಸದಿದ್ದರೆ ಆದ ಹಾನಿಗೆ ಹೊಣೆಯಾಗಬೇಕಾಗುತ್ತದೆ. ಅಪಾಯಕಾರಿ ಸರಕನ್ನು ವಾಪಸ್ ಪಡೆಯುವಂತೆ ಆದೇಶಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ.

ಇನ್ನು ನೋಟೀಸು ಕೈಗೆ ಬಂದವರ ಪಾಡು. ಇಂಥ ಸುದ್ದಿ ಹರಡಿದ ಕೂಡಲೇ ಮೋಸಗಾರರೂ ಹೊರಡುತ್ತಾರೆ. ಹಣ ಮರಳಿಸುತ್ತೇವೆ ಎಂದು ಯಾರಾದರೂ ಒಟಿಪಿ ಕೇಳಿದರೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರೆ ಅದು ಸುಳ್ಳು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಅನುಮಾನವಿದ್ದರೆ ಸಂದೇಶದಲ್ಲಿರುವ ಸಂಖ್ಯೆಗೆ ಬದಲು ಹಳೆಯ ಬಿಲ್ಲಿನಲ್ಲೋ ಅಂಗಡಿಯ ಬೋರ್ಡಿನಲ್ಲೋ ಇರುವ ಸಂಖ್ಯೆಗೆ ಕರೆ ಮಾಡಿ.

ಪವರ್ ಬ್ಯಾಂಕ್ ಉಬ್ಬಿದ್ದರೆ ಒತ್ತಿ ನೋಡಬೇಡಿ. ಹೊಗೆಯೋ ಬುಸುಗುಟ್ಟುವ ಸದ್ದೋ ಬಂದರೆ ಎತ್ತಿಕೊಂಡು ಓಡಬೇಡಿ, ಆ ಹೊಗೆ ವಿಷ. ಮನೆಯವರನ್ನೆಲ್ಲ ಹೊರಗೆ ಕರೆತಂದು ಬಾಗಿಲೆಳೆದು 112ಕ್ಕೆ ಕರೆ ಮಾಡಿ. ಅಂಗಡಿಯವರು ಹಣ ಕೊಡಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಆಗ ಬ್ಯಾಚ್ ಸಂಖ್ಯೆಯ ಫೋಟೊ ಮತ್ತು ಆ ನೋಟೀಸು ನಿಮ್ಮ ಬಳಿಯಿರಲಿ.