ಅರಿಶಿನದ ಪೇಟೆಂಟಿನೊಳಗೆ ಏನಿತ್ತು, ಏನಿರಲಿಲ್ಲ?

ಅಮೆರಿಕದವರು ನಮ್ಮ ಅರಿಶಿನಕ್ಕೇ ಪೇಟೆಂಟ್ ಮಾಡಿಸಿಕೊಂಡಿದ್ದರು, ನಮ್ಮವರು ಹೋರಾಡಿ ಬಿಡಿಸಿಕೊಂಡರು. ಈ ಮಾತನ್ನು ಕೇಳದ ಕನ್ನಡಿಗರು ವಿರಳ. ಆದರೆ ಆ ಪೇಟೆಂಟಿನಲ್ಲಿ ನಿಜಕ್ಕೂ ಏನನ್ನು ಕಾಯ್ದಿಟ್ಟುಕೊಂಡಿದ್ದರು ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಅದರ ಸಂಖ್ಯೆ 5,401,504. ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ 1995ರ ಮಾರ್ಚ್ 28ರಂದು ಸಿಕ್ಕಿತು. ಇಡೀ ಪೇಟೆಂಟಿನಲ್ಲಿ ಇದ್ದ ಕ್ಲೇಮುಗಳು ಆರೇ ಆರು. ಮೊಬೈಲಿನ ಒಂದು ಫೋಟೋದಲ್ಲಿ ಹಿಡಿಸುವಷ್ಟು.

ಫೋಟೋದ ಮಾತು ಸುಮ್ಮನೆ ಬಂದದ್ದಲ್ಲ. ಮಹಾರಾಷ್ಟ್ರದ ಅಂಬರನಾಥದ ಮೊರಿವಲಿ, ಆನಂದನಗರ ಎಂಐಡಿಸಿ ಕೈಗಾರಿಕಾ ಪ್ರದೇಶಗಳಲ್ಲಿ ರಾಸಾಯನಿಕದ ಸಣ್ಣ ಘಟಕ ನಡೆಸುವವರ ಕೈಗೆ ಪೇಟೆಂಟ್ ಬರುವುದೇ ಹಾಗೆ. ಗಿರಾಕಿಯೊಬ್ಬರು ಮೊದಲ ಪುಟದ್ದೊಂದು, ಕ್ಲೇಮುಗಳ ಪುಟದ್ದೊಂದು ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ‘ಇದನ್ನು ನಾವು ಮಾಡಬಹುದಾ, ನೋಡಿ ಹೇಳಿ’ ಎಂಬ ಒಂದು ಸಾಲು ಜೊತೆಗಿರುತ್ತದೆ. ಆ ಎರಡು ಫೋಟೋಗಳಿಂದ ಸರಳ ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಬರೆಯುವುದು ಹೇಗೆ? ಎಲ್ಲರಿಗೂ ಗೊತ್ತಿರುವ ಅರಿಶಿನವನ್ನೇ ಹಿಡಿದು ಮಾಡಿ ನೋಡೋಣ.

ಮೊದಲು ಫೋಟೋ ಪೂರ್ತಿಯಾಗಿದೆಯೇ ಎಂದು ನೋಡಬೇಕು. ಅಮೆರಿಕದ ಪೇಟೆಂಟಿನ ಮೊದಲ ಪುಟದಲ್ಲಿ, ಸಾರಾಂಶದ ಕೆಳಗೆ, ಒಟ್ಟು ಕ್ಲೇಮುಗಳೆಷ್ಟು ಎಂದು ಅಚ್ಚಾಗಿರುತ್ತದೆ. ಅಲ್ಲಿ ಆರು ಎಂದಿದ್ದು ಫೋಟೋದಲ್ಲಿ ನಾಲ್ಕೇ ಕಂಡರೆ ಇನ್ನೊಂದು ಪುಟ ಬರಬೇಕಿದೆ ಎಂದರ್ಥ. ಆಮೇಲಿನ ತೊಡಕು ಫೋಟೋವನ್ನು ಅಕ್ಷರಕ್ಕೆ ಇಳಿಸುವಾಗಿನದು. ಪುಟ ಎರಡು ಕಾಲಮ್ಮಿನದು. ಎಡದ ಸಾಲು ಬಲದ ಸಾಲಿಗೆ ಅಂಟಿಕೊಂಡು ಅರ್ಥ ಕೆಡುತ್ತದೆ. ಎರಡು ಕಾಲಮ್ಮುಗಳ ನಡುವೆ ಐದೈದು ಸಾಲಿಗೊಮ್ಮೆ 5, 10, 15 ಎಂದು ಸಾಲಿನ ಸಂಖ್ಯೆ ಇರುತ್ತದೆ. ಅದು ವಾಕ್ಯದೊಳಗೆ ನುಸುಳಿದರೆ ‘60 ಡಿಗ್ರಿ’ ಎಂದಿದ್ದದ್ದು ‘60 65 ಡಿಗ್ರಿ’ ಎಂದಾಗಿ, ಇಲ್ಲದ ಉಷ್ಣತೆಯ ಮಿತಿಯೊಂದು ಹುಟ್ಟಿಕೊಳ್ಳುತ್ತದೆ. ಮೈಕ್ರೋಗ್ರಾಂನ ಗ್ರೀಕ್ ಅಕ್ಷರ μ ಇಂಗ್ಲಿಷಿನ m ಆದರೆ ಪ್ರಮಾಣ ಸಾವಿರ ಪಟ್ಟು ಹಿಗ್ಗುತ್ತದೆ. ಹಾಗಾಗಿ ಅಂಕಿ ಇರುವ ಪ್ರತಿ ಸಾಲನ್ನೂ ಫೋಟೋ ಹಿಗ್ಗಿಸಿ ಕಣ್ಣಾರೆ ಓದಿ ಒಪ್ಪಿಕೊಂಡ ಮೇಲೆಯೇ ಮುಂದೆ ಹೋಗಬೇಕು.

ಇನ್ನು ಓದು. ಎಲ್ಲರ ಕಣ್ಣೂ ಮೊದಲು ಸಾರಾಂಶಕ್ಕೆ ಹೋಗುತ್ತದೆ, ಅದು ಚಿಕ್ಕದು ಮತ್ತು ಸುಲಭ. ಅರಿಶಿನದ ಪೇಟೆಂಟಿನ ಸಾರಾಂಶ ಒಂದೇ ವಾಕ್ಯದ್ದು: ಗಾಯವಾದ ರೋಗಿಗೆ ಅರಿಶಿನ ಕೊಟ್ಟು ಗಾಯ ಬೇಗ ಮಾಯುವಂತೆ ಮಾಡುವ ವಿಧಾನ. ಇದನ್ನೇ ಕನ್ನಡಕ್ಕಿಳಿಸಿ ‘ಇದಕ್ಕೆ ರಕ್ಷಣೆ ಇದೆ’ ಎಂದು ಬರೆದುಬಿಟ್ಟರೆ ಟಿಪ್ಪಣಿ ಅಲ್ಲೇ ತಪ್ಪಿತು. ಸಾರಾಂಶ ಇರುವುದು ಹುಡುಕುವವರಿಗೆ ಅನುಕೂಲವಾಗಲೆಂದು; ಹಕ್ಕಿನ ಗಡಿ ಅದರಲ್ಲಿಲ್ಲ. ಕ್ರಯಪತ್ರದಲ್ಲಿ ಜಮೀನಿನ ವರ್ಣನೆ ಎಷ್ಟೇ ಇದ್ದರೂ ಕೊನೆಗೆ ಲೆಕ್ಕಕ್ಕೆ ಬರುವುದು ಚೆಕ್ಕುಬಂದಿ. ಪೇಟೆಂಟಿನ ಚೆಕ್ಕುಬಂದಿ ಕ್ಲೇಮುಗಳಲ್ಲಿರುತ್ತದೆ. ಭಾರತದ 1970ರ ಪೇಟೆಂಟ್ ಕಾಯ್ದೆಯೂ ರಕ್ಷಣೆಯ ವ್ಯಾಪ್ತಿಯನ್ನು ಹೇಳುವ ಕೆಲಸವನ್ನು ಕ್ಲೇಮುಗಳಿಗೇ ಒಪ್ಪಿಸಿದೆ.

ಒಂದನೆಯ ಕ್ಲೇಮನ್ನು ನಿಧಾನವಾಗಿ ಬಿಡಿಸಿದರೆ ಅದರಲ್ಲಿ ಕೆಲವು ಷರತ್ತುಗಳು ಕಾಣುತ್ತವೆ. ಅದು ಒಂದು ವಿಧಾನ, ವಸ್ತುವಲ್ಲ. ಆ ವಿಧಾನದ ಉದ್ದೇಶ ಗಾಯ ಮಾಯಿಸುವುದು. ರೋಗಿಗೆ ಏನನ್ನೋ ಕೊಡಬೇಕು. ಕೊಡುವುದು ಅರಿಶಿನದ ಪುಡಿಯಾಗಿರಬೇಕು, ಅದೂ ಪರಿಣಾಮವಾಗುವಷ್ಟು ಇರಬೇಕು. ಇವೆಲ್ಲವೂ ಒಟ್ಟಿಗೇ ಇದ್ದರೆ ಮಾತ್ರ ಕ್ಲೇಮಿನ ಒಳಗೆ. ಒಂದು ತಪ್ಪಿದರೂ, ಅಕ್ಷರಶಃ ಓದಿದಾಗ, ಹೊರಗೆ. ಈಗ ಸಾರಾಂಶವನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಬರೀ ಅರಿಶಿನ ಎಂದಿತ್ತು, ಇಲ್ಲಿ ಅರಿಶಿನದ ಪುಡಿ ಎಂದಾಯಿತು. ಅರಿಶಿನದಿಂದ ತೆಗೆದ ಎಣ್ಣೆಯನ್ನು ಗಾಯಕ್ಕೆ ಹಚ್ಚಿದರೆ ಸಾರಾಂಶದ ಪ್ರಕಾರ ಒಳಗೆ ಅನ್ನಿಸೀತು. ಕ್ಲೇಮಿನ ಅಕ್ಷರದ ಪ್ರಕಾರ ಅಲ್ಲ.

ಇನ್ನೂ ಸೂಕ್ಷ್ಮವಾದದ್ದು ಪುಡಿಯ ಹಿಂದಿರುವ ಕ್ರಿಯಾಪದ. ಪೇಟೆಂಟ್ ಬರೆಯುವವರು ‘ಕಂಪ್ರೈಸಿಂಗ್’ ಎಂದರೆ ಹೇಳಿದ್ದರ ಜೊತೆಗೆ ಬೇರೆ ಏನು ಸೇರಿದರೂ ಕ್ಲೇಮಿನೊಳಗೇ. ‘ಕನ್ಸಿಸ್ಟಿಂಗ್ ಆಫ್’ ಎಂದರೆ ಹೇಳಿದ್ದು ಮಾತ್ರ, ಬೇರೇನೂ ಸೇರುವಂತಿಲ್ಲ. ಅರಿಶಿನದ ಕ್ಲೇಮಿನಲ್ಲಿ ಔಷಧದ ಬಗ್ಗೆ ಬಳಸಿದ್ದು ಈ ಎರಡನೆಯ, ಬಿಗಿಯಾದ ಪದ. ಅಂದರೆ ಗಾಯ ಮಾಯಿಸುವ ವಸ್ತು ಅರಿಶಿನದ ಪುಡಿಯೊಂದೇ ಆಗಿರಬೇಕು. ನಮ್ಮಲ್ಲಿ ಬೇವಿನೆಲೆ ಅರೆದು ಅರಿಶಿನ ಸೇರಿಸಿ ಹಚ್ಚುವ ರೂಢಿಯಿದೆಯಲ್ಲ, ಅಲ್ಲಿ ಬೇವೂ ಗಾಯದ ಮೇಲೆ ಕೆಲಸ ಮಾಡುವುದರಿಂದ ಅದು ಈ ಕ್ಲೇಮಿನ ಹೊರಗೆ ಬೀಳುತ್ತದೆ ಎಂದು ಬಲವಾಗಿ ವಾದಿಸಬಹುದಿತ್ತು. ಟಿಪ್ಪಣಿ ಬರೆಯುವಾಗ ಈ ಒಂದು ಪದವನ್ನು ‘ಹೊಂದಿರುವ’ ಎಂದು ಸಡಿಲವಾಗಿ ಕನ್ನಡಿಸಿದರೆ ಗಡಿಯೇ ಅಳಿಸಿಹೋಗುತ್ತದೆ. ‘ಇಷ್ಟೇ, ಬೇರೇನಿಲ್ಲ’ ಎಂದೋ ‘ಇದೂ ಸೇರಿದಂತೆ’ ಎಂದೋ ಬಿಡಿಸಿ ಬರೆಯುವುದೇ ವಾಸಿ.

ಉಳಿದ ಐದು ಕ್ಲೇಮುಗಳು ಒಂದನೆಯದನ್ನು ಆಧರಿಸಿದವು. ಬಾಯಿಯ ಮೂಲಕ ಕೊಡುವುದು, ಮೇಲೆ ಹಚ್ಚುವುದು, ಎರಡನ್ನೂ ಮಾಡುವುದು, ಶಸ್ತ್ರಚಿಕಿತ್ಸೆಯ ಗಾಯ, ಹುಣ್ಣು, ಹೀಗೆ. ಆಧರಿಸಿದ ಕ್ಲೇಮು ತಾಯಿ ಕ್ಲೇಮಿನ ಎಲ್ಲ ಷರತ್ತುಗಳನ್ನೂ ಹೊತ್ತುಕೊಂಡು, ಮೇಲೊಂದು ಷರತ್ತನ್ನು ಸೇರಿಸುತ್ತದೆ. ಹಾಗಾಗಿ ಒಂದನೆಯದರಿಂದ ಹೊರಗಿದ್ದವರು ಈ ಐದರಿಂದಲೂ ಹೊರಗೇ. ಹಾಗೆಂದು ಅವುಗಳನ್ನು ಬಿಟ್ಟುಬಿಡುವಂತಿಲ್ಲ. ನಾಳೆ ಒಂದನೆಯದು ಬಿದ್ದುಹೋದರೂ ಕಿರಿದಾದ ಇನ್ನೊಂದು ನಿಲ್ಲಬಹುದು, ಅದಕ್ಕೆಂದೇ ಅವನ್ನು ಬರೆದಿರುತ್ತಾರೆ.

ಈಗ ಟಿಪ್ಪಣಿಯನ್ನು ಬರೆಯಬಹುದು. ನನ್ನ ಅಭಿಪ್ರಾಯದಲ್ಲಿ ‘ಸೇರಿದ್ದು’, ‘ಸೇರದ್ದು’ ಎಂಬ ಎರಡು ಖಾನೆ ಸಾಲದು, ‘ಸಂಶಯದ್ದು’ ಎಂಬ ಮೂರನೆಯದೂ ಬೇಕು. ಸೇರಿದ್ದು: ಅಮೆರಿಕದಲ್ಲಿ, ಅರಿಶಿನದ ಪುಡಿಯೊಂದನ್ನೇ ಸಾಕಷ್ಟು ಪ್ರಮಾಣದಲ್ಲಿ ನುಂಗಿಸಿ ಅಥವಾ ಹಚ್ಚಿ ಗಾಯ ಮಾಯಿಸುವುದು. ಸೇರದ್ದು: ಅರಿಶಿನ ಬೆಳೆಯುವುದು, ಅಡುಗೆಗೆ ಮಾರುವುದು, ಬಣ್ಣಕ್ಕೆ ಬಳಸುವುದು, ಗಾಯವಲ್ಲದ ಬೇರೆ ಕಾಯಿಲೆಗೆ ಕೊಡುವುದು, ಅಮೆರಿಕದ ಆಚೆ ಏನೇ ಮಾಡುವುದು. ಸಾಂಗ್ಲಿಯ ಅರಿಶಿನ ವ್ಯಾಪಾರಿಯೊಬ್ಬರು ಸಾಂಬಾರ ಪದಾರ್ಥವಾಗಿ ಅಮೆರಿಕಕ್ಕೆ ರಫ್ತು ಮಾಡಿದ್ದರೆ ಈ ಪೇಟೆಂಟ್ ಅವರನ್ನು ತಡೆಯುವಂತಿರಲಿಲ್ಲ. ಸಂಶಯದ್ದು: ಅದೇ ವ್ಯಾಪಾರಿ ಡಬ್ಬಿಯ ಮೇಲೆ ‘ಗಾಯಕ್ಕೆ ಹಚ್ಚಿ’ ಎಂದು ಬರೆದು ಅಮೆರಿಕದಲ್ಲಿ ಮಾರಿದರೆ? ವಿಧಾನವನ್ನು ಬಳಸುವವರು ಗಿರಾಕಿಗಳು. ಆದರೆ ಬಳಸುವಂತೆ ಪ್ರೇರೇಪಿಸಿದವರನ್ನೂ ಅಲ್ಲಿನ ಕಾನೂನು ಹೊಣೆ ಮಾಡುತ್ತದೆ. ಇಂಥದ್ದನ್ನು ನಾವೇ ತೀರ್ಮಾನಿಸದೆ ಪೇಟೆಂಟ್ ವಕೀಲರ ಮುಂದಿಡಬೇಕು.

ಹೀಗೆ ಬರೆದ ಟಿಪ್ಪಣಿ ಫೋಟೋಗೆ ನಿಷ್ಠವಾಗಿರುತ್ತದೆ. ಆದರೂ ಇವತ್ತು ಯಾರಾದರೂ ಅದನ್ನು ನಂಬಿದರೆ ಪೂರ್ತಿ ತಪ್ಪು ದಾರಿಗೆ ಬೀಳುತ್ತಾರೆ. ಯಾಕೆಂದರೆ ನಮ್ಮ ಸಿಎಸ್‌ಐಆರ್, ಮಾಶೇಲ್ಕರ್ ಅದರ ಮಹಾನಿರ್ದೇಶಕರಾಗಿದ್ದಾಗ, 1996ರಲ್ಲಿ ಈ ಪೇಟೆಂಟಿನ ಮರುಪರಿಶೀಲನೆಗೆ ಅರ್ಜಿ ಹಾಕಿತು. ಗಾಯಕ್ಕೆ ಅರಿಶಿನ ಹೊಸದಲ್ಲ ಎಂದು ತೋರಿಸಲು ಸಂಸ್ಕೃತ, ಹಿಂದಿ, ಉರ್ದುವಿನ ಹಳೆಯ ಬರಹಗಳೂ ಸೇರಿ 32 ಆಧಾರಗಳನ್ನು ಮುಂದಿಟ್ಟಿತು. ಅಮೆರಿಕದ ಕಚೇರಿ ಆರೂ ಕ್ಲೇಮುಗಳನ್ನು ತಿರಸ್ಕರಿಸಿತು. 1998ರಲ್ಲಿ ಅವು ಅಧಿಕೃತವಾಗಿ ರದ್ದಾದವು. 1995ರಲ್ಲಿ ಅಚ್ಚಾದ ಪುಟದ ಫೋಟೋದಲ್ಲಿ ಇದರ ಸುಳಿವೂ ಇಲ್ಲ. ನವೀಕರಣ ಶುಲ್ಕ ಕಟ್ಟದೆ ಪೇಟೆಂಟ್ ಬಿದ್ದುಹೋಗಿದ್ದರೂ ಅಷ್ಟೇ, ಹಳೆಯ ಪುಟ ಹಾಗೆಯೇ ಉಳಿದಿರುತ್ತದೆ.

ಇನ್ನೊಂದು ಅಪಾಯ, ಅಂಬರನಾಥಕ್ಕೆ ಬರುವ ಫೋಟೋಗಳಲ್ಲಿ ನಾನು ಹೆಚ್ಚು ಕಾಣುವುದು, ಮಂಜೂರಾದ ಪೇಟೆಂಟಿನ ಬದಲು ಬರೀ ಅರ್ಜಿಯ ಪುಟ ಬಂದಿರುವುದು. ಭಾರತದಲ್ಲಿ ಅರ್ಜಿ ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ. ಆಗಿನ ಕ್ಲೇಮುಗಳು ಅರ್ಜಿದಾರರ ಆಸೆಯ ಪಟ್ಟಿ. ಪರೀಕ್ಷಕರ ಆಕ್ಷೇಪಗಳ ನಂತರ ಅವು ಬಹುಪಾಲು ಕಿರಿದಾಗುತ್ತವೆ, ಕೆಲವೊಮ್ಮೆ ಏನೂ ಉಳಿಯುವುದಿಲ್ಲ. 2001ರಿಂದೀಚಿನ ಅಮೆರಿಕದ ಪತ್ರಗಳಲ್ಲಿ ಸಂಖ್ಯೆಯ ಕೊನೆಗೆ A1 ಇದ್ದರೆ ಅದು ಅರ್ಜಿ, B1 ಅಥವಾ B2 ಇದ್ದರೆ ಮಂಜೂರಾದದ್ದು. ಭಾರತದ್ದಾದರೆ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಅರ್ಜಿ ಸಂಖ್ಯೆ ಹಾಕಿ ಈಗಿನ ಸ್ಥಿತಿ ನೋಡಬಹುದು, ಶುಲ್ಕ ಕಟ್ಟಿದ್ದಾರೆಯೇ ಎಂಬುದೂ ಅಲ್ಲೇ ಸಿಗುತ್ತದೆ. ಪೇಟೆಂಟಿನ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಮಂಜೂರಾದ ದಿನದಿಂದ ಎಣಿಸಬಾರದು.

ಅರಿಶಿನದಂಥ ಕ್ಲೇಮು ಭಾರತದಲ್ಲಿ ಬಾಗಿಲಲ್ಲೇ ನಿಲ್ಲುತ್ತದೆ: ಕಾಯ್ದೆಯ ಮೂರನೆಯ ಸೆಕ್ಷನ್ ಚಿಕಿತ್ಸಾ ವಿಧಾನಗಳನ್ನೂ ಪಾರಂಪರಿಕ ಜ್ಞಾನವನ್ನೂ ಪೇಟೆಂಟಿನಿಂದ ಹೊರಗಿಟ್ಟಿದೆ. ನಮ್ಮ ಎಂಐಡಿಸಿಯ ಘಟಕಗಳಿಗೆ ಎದುರಾಗುವುದು ತಯಾರಿಕಾ ವಿಧಾನದ ಕ್ಲೇಮುಗಳು. ಒಂದು ಕ್ಲೇಮು, ಉದಾಹರಣೆಗೆ, ಇಂಥ ದ್ರಾವಕದಲ್ಲಿ 60ರಿಂದ 80 ಡಿಗ್ರಿಯಲ್ಲಿ ಕ್ರಿಯೆ ನಡೆಸುವುದು ಎನ್ನುತ್ತದೆ ಎಂದಿಟ್ಟುಕೊಳ್ಳಿ. 40 ಡಿಗ್ರಿಯಲ್ಲಿ ಬೇರೆ ದ್ರಾವಕ ಬಳಸುವವರನ್ನು ‘ಸೇರದ್ದು’ ಖಾನೆಗೆ ಹಾಕಬಹುದು. ಅದೇ ದ್ರಾವಕದಲ್ಲಿ 82 ಡಿಗ್ರಿಗೆ ಏರಿಸಿ ತಪ್ಪಿಸಿಕೊಂಡೆವು ಎನ್ನುವವರನ್ನು ನಾನು ‘ಸಂಶಯದ್ದು’ ಖಾನೆಗೇ ಹಾಕುತ್ತೇನೆ. ಅದೇ ಕೆಲಸವನ್ನು ಅದೇ ರೀತಿಯಲ್ಲಿ ಮಾಡುವ ಅತಿ ಸಣ್ಣ ಬದಲಾವಣೆಯನ್ನು ನ್ಯಾಯಾಲಯ ಸಮಾನವೆಂದೇ ಎಣಿಸಬಹುದು. ಮತ್ತೊಂದು ಮಾತೂ ಟಿಪ್ಪಣಿಯಲ್ಲಿರಬೇಕು. ಭಾರತದ ಕಾನೂನಿನಲ್ಲಿ ವಿಧಾನದ ಪೇಟೆಂಟ್ ಆ ವಿಧಾನದಿಂದ ನೇರವಾಗಿ ಬಂದ ಸರಕಿಗೂ ಚಾಚಿಕೊಳ್ಳುತ್ತದೆ. ಹಾಗಾಗಿ ತಾವು ತಯಾರಿಸದೆ ಹೊರದೇಶದಿಂದ ಆ ಸರಕನ್ನು ಆಮದು ಮಾಡಿಕೊಂಡು ಮಾರುವವರೂ, ಅಲ್ಲಿ ಅದನ್ನು ಇದೇ ವಿಧಾನದಲ್ಲಿ ತಯಾರಿಸಿದ್ದರೆ, ಗಡಿಯ ಒಳಗೇ ಇರುತ್ತಾರೆ.