ರೂಮು, ಅಂಕ, ಟೀಮು, ಪ್ರಶಸ್ತಿ: ಒಬ್ಬ ಹೋಟೆಲ್ ಮ್ಯಾನೇಜರನ ನಾಲ್ಕು ಸಾಲು

ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರ ಪ್ರೊಫೈಲ್ ತೆರೆದರೆ ನಾಲ್ಕು ಸಂಗತಿಗಳು ಮೊದಲು ಕಣ್ಣಿಗೆ ಬೀಳುತ್ತವೆ. ಹೋಟೆಲು ಎಷ್ಟು ದೊಡ್ಡದು, ಅತಿಥಿಗಳು ಎಷ್ಟು ಅಂಕ ಕೊಟ್ಟಿದ್ದಾರೆ, ಕೈಕೆಳಗೆ ಎಷ್ಟು ಜನ, ಬಂದ ಪ್ರಶಸ್ತಿಗಳು ಯಾವುವು. ಹೊರಗಿನವರಿಗೆ ಇವು ಬರೀ ಸಂಖ್ಯೆಗಳು. ಆ ಕ್ಷೇತ್ರದವರು ಇವುಗಳಿಂದಲೇ ಈತ ನಿಜವಾಗಿ ಏನು ಮಾಡಿದ್ದಾನೆ ಎಂದು ಅಂದಾಜು ಮಾಡುತ್ತಾರೆ.

ಪುಣೆಯ ನನ್ನ ಗೆಳೆಯನೊಬ್ಬ ಕುಂದಾಪುರ ಕಡೆಯವನು, ಒಂದು ಬಿಸಿನೆಸ್ ಹೋಟೆಲಿನಲ್ಲಿ ಫ್ರಂಟ್ ಆಫೀಸ್ ಮ್ಯಾನೇಜರ್. ಊರಿನಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ಮಂಗಳೂರಿನ ಹೋಟೆಲೊಂದರಲ್ಲಿ ಆಪರೇಷನ್ಸ್ ಮ್ಯಾನೇಜರ್ ಹುದ್ದೆ ಖಾಲಿಯಾದಾಗ ಅರ್ಜಿ ಹಾಕಲು ಹೊರಟ. ಅಂಥ ಹುದ್ದೆ ಆ ಕಡೆ ಪದೇ ಪದೇ ಖಾಲಿಯಾಗುವುದಿಲ್ಲ. "ಡೇಟಾ ನೋಡುವುದು ನಿನ್ನ ಕೆಲಸ ಅಲ್ವಾ ಮಾರಾಯ, ಒಮ್ಮೆ ನೋಡು" ಎಂದು ಪ್ರೊಫೈಲ್ ಕಳಿಸಿದ. ನಾವಿಬ್ಬರೂ ಕೂತು ಆ ನಾಲ್ಕು ಸಾಲುಗಳನ್ನು ಒಂದೊಂದಾಗಿ ಬಿಡಿಸಿದೆವು.

ಮೊದಲನೆಯದು ಗಾತ್ರ. "ದೊಡ್ಡ ಬಿಸಿನೆಸ್ ಹೋಟೆಲ್" ಎಂದು ಬರೆದಿದ್ದ. ಹೋಟೆಲಿನವರು ಗಾತ್ರವನ್ನು 'ಕೀ' ಲೆಕ್ಕದಲ್ಲಿ ಹೇಳುತ್ತಾರೆ. ಬೇರೆಯಾಗಿ ಬಾಡಿಗೆಗೆ ಕೊಡಬಹುದಾದ ಪ್ರತಿ ಘಟಕವೂ ಒಂದು ಕೀ. ಒಟ್ಟಾಗಿಯೇ ಕೊಡುವ ಎರಡು ಕೋಣೆಗಳ ಸೂಟ್ ಕೂಡ ಒಂದೇ ಕೀ. ಇವನದು 118 ಕೀಗಳ ಹೋಟೆಲು. ಅಷ್ಟು ಹೇಳಿದರೂ ಸಾಲದು. ಜೊತೆಗೆ ಎಷ್ಟು ರೆಸ್ಟೋರೆಂಟ್, ಬ್ಯಾಂಕ್ವೆಟ್ ಹಾಲ್ ಇದೆಯೇ, ಬರುವವರು ಕಂಪನಿ ಕೆಲಸದವರೋ ಪ್ರವಾಸಿಗರೋ ಎಂಬುದೂ ಬೇಕು. ಮದುವೆ ನಡೆಯುವ 80 ಕೀಗಳ ಹೋಟೆಲಿನ ಶನಿವಾರಕ್ಕೂ ಬ್ಯಾಂಕ್ವೆಟ್ ಇಲ್ಲದ 118 ಕೀಗಳ ಹೋಟೆಲಿನ ಶನಿವಾರಕ್ಕೂ ಹೋಲಿಕೆಯೇ ಇಲ್ಲ.

ಎರಡನೆಯದು ಟೀಮು. "60 ಜನರ ತಂಡ ನಿರ್ವಹಣೆ" ಎಂದಿತ್ತು. ಅನುಭವಿಗಳಿಗೆ ಅನುಮಾನ ಹುಟ್ಟುವುದು ಇಲ್ಲಿಯೇ. 118 ಕೀಗಳ ಹೋಟೆಲಿನಲ್ಲಿ ಅಡುಗೆಮನೆ, ಹೌಸ್‌ಕೀಪಿಂಗ್, ಎಂಜಿನಿಯರಿಂಗ್ ಎಲ್ಲ ಸೇರಿ ರೂಮಿಗೆ ಒಬ್ಬರಂತೆ ಹಿಡಿದರೂ ಸುಮಾರು 120 ಜನ. ಅದರಲ್ಲಿ ಅರ್ಧ ಜನ ಫ್ರಂಟ್ ಆಫೀಸಿನಲ್ಲಿ ಇರಲು ಸಾಧ್ಯವಿಲ್ಲ. ಕೇಳಿದಾಗ ಲೆಕ್ಕ ಹೊರಬಿತ್ತು. ನೇರವಾಗಿ ಅವನಿಗೆ ವರದಿ ಮಾಡುವವರು 22. ಡ್ರೈವರ್, ಬೆಲ್ ಡೆಸ್ಕ್ ಸೇರಿ ಗುತ್ತಿಗೆಯವರು 9. ಉಳಿದ ಸಂಖ್ಯೆ ಬಂದದ್ದು ಅವನು ಡ್ಯೂಟಿ ಮ್ಯಾನೇಜರ್ ಆಗಿದ್ದ ರಾತ್ರಿಗಳಿಂದ. ಆ ರಾತ್ರಿಗಳಲ್ಲಿ ಇಡೀ ಹೋಟೆಲಿನ ಜವಾಬ್ದಾರಿ ಅವನದೇ. ಮೂರನ್ನೂ ಬೇರೆ ಬೇರೆ ಬರೆದದ್ದರಿಂದ ಅವನಿಗೆ ಲಾಭವೇ ಆಯಿತು. ಇಡೀ ಹೋಟೆಲನ್ನು ನೋಡಿಕೊಂಡ ಅನುಭವವೇ ಆಪರೇಷನ್ಸ್ ಹುದ್ದೆಗೆ ಬೇಕಾದದ್ದು. 60 ಎಂಬ ಸಂಖ್ಯೆಯ ಒಳಗೆ ಅದು ಕಾಣುತ್ತಲೇ ಇರಲಿಲ್ಲ.

ಮೂರನೆಯದಕ್ಕೆ ನಾವು ಹೆಚ್ಚು ಹೊತ್ತು ಕೊಟ್ಟೆವು. "ಅತಿಥಿ ತೃಪ್ತಿ 55" ಎಂದಷ್ಟೇ ಇತ್ತು. ನೂರಕ್ಕೆ 55 ಎಂದುಕೊಂಡರೆ ಇವನು ಕಷ್ಟಪಟ್ಟು ಪಾಸಾದ ಹುಡುಗ! ಆದರೆ ಅದು ಎನ್‌ಪಿಎಸ್, ಅಂದರೆ ನೆಟ್ ಪ್ರಮೋಟರ್ ಸ್ಕೋರ್. ಈ ಹೋಟೆಲನ್ನು ಬೇರೆಯವರಿಗೆ ಹೇಳುತ್ತೀರಾ ಎಂಬ ಪ್ರಶ್ನೆಗೆ ಅತಿಥಿ 0ಯಿಂದ 10ರೊಳಗೆ ಅಂಕ ಕೊಡುತ್ತಾನೆ. 9 ಅಥವಾ 10 ಕೊಟ್ಟವರ ಶೇಕಡಾವಾರಿನಿಂದ 6 ಅಥವಾ ಅದಕ್ಕಿಂತ ಕಡಿಮೆ ಕೊಟ್ಟವರ ಶೇಕಡಾವಾರನ್ನು ಕಳೆಯಬೇಕು. 7, 8 ಕೊಟ್ಟವರು ಎರಡೂ ಕಡೆ ಸೇರುವುದಿಲ್ಲ. ಹಾಗಾಗಿ ಇದು ಮೈನಸ್ 100ರಿಂದ ಪ್ಲಸ್ 100ರವರೆಗೆ ಹೋಗುತ್ತದೆ.

ಅವನ ವಿಭಾಗಕ್ಕೆ ಸಂಬಂಧಿಸಿದ ಒಂದು ತ್ರೈಮಾಸಿಕದಲ್ಲಿ 200 ಉತ್ತರಗಳಲ್ಲಿ 120 ಜನ 9-10 ಕೊಟ್ಟಿದ್ದರು, 30 ಜನ 6ಕ್ಕಿಂತ ಮೇಲೆ ಹೋಗಿರಲಿಲ್ಲ. 60ರಿಂದ 15 ಕಳೆದರೆ 45. ಮುಂದಿನ ವರ್ಷ ಅದೇ ತ್ರೈಮಾಸಿಕದಲ್ಲಿ 240 ಉತ್ತರಗಳು. ಮೆಚ್ಚಿದವರು 156, ಬೇಸರಪಟ್ಟವರು 24. ಅಂದರೆ 65ರಿಂದ 10 ಕಳೆದು 55. ಉತ್ತರಗಳ ಸಂಖ್ಯೆ ಕಡಿಮೆಯಾಗಲಿಲ್ಲ ಎಂಬುದು ಇಲ್ಲಿ ಮುಖ್ಯ. ಅಂಕ ಏರಿ ಉತ್ತರಗಳು ಅರ್ಧಕ್ಕೆ ಇಳಿದಿದ್ದರೆ, ಖುಷಿಯಾಗಿದ್ದವರ ಕೈಗೆ ಮಾತ್ರ ಫಾರಂ ಕೊಟ್ಟಿದ್ದಾರೆ ಎಂಬ ಸಂಶಯ ಬರುತ್ತದೆ. ಅದೇ ವರ್ಷ ರೂಮುಗಳ ನವೀಕರಣ ನಡೆದಿದ್ದರೆ ಏರಿಕೆಯ ಶ್ರೇಯ ಹೊಸ ಹಾಸಿಗೆಗೂ ಸಲ್ಲಬೇಕಾಗುತ್ತದೆ. ಇವನ ಹೋಟೆಲಿನಲ್ಲಿ ನವೀಕರಣ ಆಗಿರಲಿಲ್ಲ.

ಹಾಗಾದರೆ ಏರಿದ್ದು ಹೇಗೆ? ಬೇಸರಪಟ್ಟವರ ದೂರುಗಳಲ್ಲಿ ಹೆಚ್ಚಿನವು ಒಂದೇ: ಎರಡು ಗಂಟೆಗೆ ಬಂದರೂ ರೂಮು ಸಿದ್ಧವಿಲ್ಲ. ಚೆಕ್‌ಔಟ್ 12ಕ್ಕೆ, ಚೆಕ್‌ಇನ್ 2ಕ್ಕೆ. ಒಂದು ರೂಮಿಗೆ ಅರ್ಧ ಗಂಟೆ ಹಿಡಿದರೆ, ಆ ಎರಡು ಗಂಟೆಯಲ್ಲಿ ಒಬ್ಬ ಹೌಸ್‌ಕೀಪಿಂಗ್ ಸಿಬ್ಬಂದಿ ನಾಲ್ಕು ರೂಮು ಮುಗಿಸಬಹುದು. ಹತ್ತು ಜನ ಇದ್ದರೆ 40. ಇಬ್ಬರು ರಜೆ ಹಾಕಿದರೆ ಎಂಟು ಅತಿಥಿಗಳು ಲಾಬಿಯಲ್ಲಿ ಕೂರುತ್ತಾರೆ. ಅದರ ಮೇಲೆ, ಶುಚಿ ಮಾಡುವ ಕ್ರಮ ಮಹಡಿಯ ಪ್ರಕಾರ ನಡೆಯುತ್ತಿತ್ತೇ ಹೊರತು ಯಾರು ಎಷ್ಟು ಗಂಟೆಗೆ ಬರುತ್ತಾರೆ ಎಂಬುದರ ಪ್ರಕಾರ ಅಲ್ಲ. ಇನ್ನೂ ಒಂದು ತೊಡಕಿತ್ತು. ರೂಮು ಸಿದ್ಧವಾಗಿದ್ದರೂ ಸೂಪರ್‌ವೈಸರ್ ಪರೀಕ್ಷಿಸಿ ಕಂಪ್ಯೂಟರಿನಲ್ಲಿ ಸ್ಥಿತಿ ಬದಲಿಸುವವರೆಗೆ ಫ್ರಂಟ್ ಡೆಸ್ಕಿಗೆ ಅದು ಕೊಳಕು ಎಂದೇ ಕಾಣುತ್ತಿತ್ತು.

ಗೆಳೆಯ ಹೌಸ್‌ಕೀಪಿಂಗ್ ಮುಖ್ಯಸ್ಥೆಯ ಜೊತೆ ಕೂತು ಮೂರು ಬದಲಾವಣೆ ಮಾಡಿದ. ಮರುದಿನ ಬರುವವರ ಪಟ್ಟಿ ಸಮಯದ ಸಮೇತ ಹಿಂದಿನ ರಾತ್ರಿಯೇ ಅವರಿಗೆ ಹೋಗತೊಡಗಿತು. ಇನ್ನೂ ಉಳಿಯುವ ಅತಿಥಿಗಳ ರೂಮುಗಳನ್ನು, ಬೆಳಿಗ್ಗೆಯೇ ಬೇಕೆಂದವರದು ಬಿಟ್ಟು, 2ರ ನಂತರಕ್ಕೆ ಸರಿಸಿದರು. ಪರೀಕ್ಷೆ ಮುಗಿದ ಕೂಡಲೇ ಸೂಪರ್‌ವೈಸರ್ ಅಲ್ಲೇ ಮೊಬೈಲಿನಲ್ಲಿ ಸ್ಥಿತಿ ಬದಲಿಸುವಂತಾಯಿತು. ಹೊಸ ಜನ ಬೇಕಾಗಲಿಲ್ಲ. ಇದಿಷ್ಟು ಪ್ರೊಫೈಲಿನಲ್ಲಿ ಒಂದು ಪದವೂ ಇರಲಿಲ್ಲ!

ಒಂದು ಎಚ್ಚರಿಕೆ. ಒಳಗಿನ ಅಂಕಗಳನ್ನು ಹೊರಗೆ ಹೇಳಲು ಎಲ್ಲ ಹೋಟೆಲುಗಳೂ ಬಿಡುವುದಿಲ್ಲ. ಇವನು ಮೇಲಿನವರನ್ನು ಕೇಳಿ ಒಪ್ಪಿಗೆ ಪಡೆದ. ಒಪ್ಪಿಗೆ ಸಿಗದಿದ್ದರೆ ಎಲ್ಲರಿಗೂ ಕಾಣುವ ಗೂಗಲ್ ಅಥವಾ ಬುಕಿಂಗ್ ತಾಣದ ಅಂಕವನ್ನೇ ಕೊಡಬೇಕು. ಆಗ ಅದು ಐದಕ್ಕೋ ಹತ್ತಕ್ಕೋ, ಯಾವ ವರ್ಷದ್ದು ಎಂದೂ ಬರೆಯಬೇಕು.

ಕೊನೆಯದು ಪ್ರಶಸ್ತಿಗಳು. ಐದು ಇದ್ದವು. ಎರಡು ಇವನು ಸೇರುವ ಮೊದಲೇ ಹೋಟೆಲಿಗೆ ಬಂದವು. ಮೂರನೆಯದು ಪ್ರವಾಸೋದ್ಯಮ ಸಚಿವಾಲಯದ ಸ್ಟಾರ್ ವರ್ಗೀಕರಣದ ಪತ್ರ. ಅದು ಕಟ್ಟಡ, ಸೌಲಭ್ಯ, ಸೇವೆಗಳ ಮಟ್ಟ ನೋಡಿ ಐದು ವರ್ಷಕ್ಕೆ ಕೊಡುವ ದರ್ಜೆಯೇ ಹೊರತು ಪ್ರಶಸ್ತಿಯಲ್ಲ. ನಾಲ್ಕನೆಯದು ಪ್ರವೇಶ ಶುಲ್ಕ ಕಟ್ಟಿ ಸ್ಪರ್ಧಿಸಿದ್ದು. ಐದನೆಯದು ಅವರ ಹೋಟೆಲ್ ಸಮೂಹ ಫ್ರಂಟ್ ಆಫೀಸ್ ತಂಡಕ್ಕೆ ಕೊಟ್ಟ ವರ್ಷದ ಮನ್ನಣೆ, ಆ 55 ಬಂದ ವರ್ಷದ್ದೇ. ನಾಲ್ಕನ್ನೂ ತೆಗೆದು ಇದೊಂದನ್ನು ಅಂಕದ ಸಾಲಿನ ಕೆಳಗೆ ಇಟ್ಟೆವು. ಪಟ್ಟಿ ಚಿಕ್ಕದಾಯಿತೆಂದು ಅವನಿಗೆ ಸ್ವಲ್ಪ ಬೇಸರವಾಯಿತು.

ಹೊಸ ರೂಪ ಹೀಗಿತ್ತು: "118 ಕೀ, 2 ರೆಸ್ಟೋರೆಂಟ್, ಮುಖ್ಯವಾಗಿ ಕಂಪನಿ ಅತಿಥಿಗಳು. ನೇರ ತಂಡ 22, ಗುತ್ತಿಗೆ 9, ವಾರಕ್ಕೆರಡು ರಾತ್ರಿ ಇಡೀ ಹೋಟೆಲಿನ ಹೊಣೆ. ರೂಮು ಸಿದ್ಧತೆಯ ಕ್ರಮ ಬದಲಿಸಿ, ಸಿಬ್ಬಂದಿ ಹೆಚ್ಚಿಸದೆ, ಎನ್‌ಪಿಎಸ್ 45ರಿಂದ 55. ಉತ್ತರಗಳು 200ರಿಂದ 240. ಅದಕ್ಕೆ ಸಮೂಹದ ವಾರ್ಷಿಕ ತಂಡ ಪ್ರಶಸ್ತಿ."

ಸಂದರ್ಶನಕ್ಕೆ ಕರೆ ಬಂತು. ಮುಕ್ಕಾಲು ಗಂಟೆಯಲ್ಲಿ ಹೆಚ್ಚು ಹೊತ್ತು ಹೋದದ್ದು ಒಂದೇ ಪ್ರಶ್ನೆಗಂತೆ: ಬದಲಾವಣೆಯ ಮೇಲೂ ಬೇಸರಪಟ್ಟ ಆ 24 ಜನರ ದೂರು ಏನಿತ್ತು? ಬೆಳಗಿನ ತಿಂಡಿಯ ಸಾಲು ಮತ್ತು ಬಿಲ್ಲಿನ ತಪ್ಪುಗಳು ಎಂದು ಇವನು ಉತ್ತರಿಸಿದ. ತಿಂಡಿಯ ವಿಭಾಗ ತನ್ನ ಕೈಯಲ್ಲಿರಲಿಲ್ಲ, ಆಪರೇಷನ್ಸ್ ಹುದ್ದೆ ಬೇಕೆನ್ನುವುದಕ್ಕೆ ಅದೂ ಒಂದು ಕಾರಣ ಎಂದೂ ಸೇರಿಸಿದ. ಮುಂದಿನ ತಿಂಗಳು ಮಂಗಳೂರಿಗೆ ಹೊರಟಿದ್ದಾನೆ. ಅಲ್ಲಿ ಬ್ಯಾಂಕ್ವೆಟ್ ಕೂಡ ಇದೆಯಂತೆ, ಶನಿವಾರ ಊರಿಗೆ ಹೋಗಲು ರಜೆ ಸಿಗುವುದು ಅನುಮಾನ.